ಅಂಗಿಗೆ 35 ರೂಪಾಯಿ: ಲಾಂಡ್ರಿಯ ಲೆಕ್ಕ, ಮನೆಯ ಲೆಕ್ಕ

ಪುಣೆಯ ವಾಕಡ್‌ನಲ್ಲಿ ನಮ್ಮ ಸೊಸೈಟಿಯ ಗೇಟಿನ ಎದುರಿಗೇ ಒಂದು ಲಾಂಡ್ರಿ ಇದೆ. ಗೋಡೆಗೆ ದರಪಟ್ಟಿ ಅಂಟಿಸಿದ್ದಾರೆ. ಅಂಗಿ ಒಗೆದು ಇಸ್ತ್ರಿ ಮಾಡಿ ಕೊಡಲು 35 ರೂಪಾಯಿ, ಪ್ಯಾಂಟಿಗೆ 40. ಡಬಲ್ ಬೆಡ್‌ಶೀಟು, ಎರಡು ದಿಂಬಿನ ಕವರು ಸೇರಿ 100. ಬರೀ ಇಸ್ತ್ರಿಯಾದರೆ ಒಂದಕ್ಕೆ 10. ಕಿಲೋ ಲೆಕ್ಕದಲ್ಲಿ ಕೊಟ್ಟರೆ ಒಗೆದು, ಒಣಗಿಸಿ, ಮಡಚಿ ಕೊಡಲು ಕಿಲೋಗೆ 70. ಅದಕ್ಕೆ ಇಸ್ತ್ರಿ ಬೇಕೆಂದರೆ ಆ ದುಡ್ಡು ಬೇರೆ.

ನಮ್ಮ ಮಹಡಿಯಲ್ಲೇ ಇರುವ ಸುಮಾ ಧಾರವಾಡದವಳು. ಗಂಡ ಹೆಂಡತಿ ಇಬ್ಬರೂ ಹಿಂಜವಡಿಯಲ್ಲಿ ಕೆಲಸ ಮಾಡುತ್ತಾರೆ. ಆಫೀಸಿನ ಬಟ್ಟೆ, ಹಾಸಿಗೆಯ ಬಟ್ಟೆ ಎಲ್ಲಾ ಈ ಲಾಂಡ್ರಿಗೇ ಹೋಗುತ್ತಿತ್ತು. ಉಳಿದದ್ದನ್ನು ಮನೆಗೆಲಸದವರು ಕೈಯಲ್ಲಿ ಒಗೆಯುತ್ತಿದ್ದರು. ಒಂದು ದಿನ ಕೇಳಿದಳು: "ಅಕ್ಕಾರ, ಮೂವತ್ತು ಸಾವಿರ ಹಾಕಿ ಮಷೀನ್ ತರೋದಕ್ಕಿಂತ ಹಿಂಗ ಕೊಡೋದೇ ಸೋವಿ ಅಲ್ಲೇನ್ರಿ? ಒಂದ್ ಅಂಗಿಗೆ ಮೂವತ್ತೈದು ಅಂದ್ರ ಏನ್ ಮಹಾ?"

ಈ ಪ್ರಶ್ನೆ ಪುಣೆಗೆ ಬಂದ ನಮ್ಮ ಕಡೆಯವರು ತುಂಬಾ ಜನ ಕೇಳುತ್ತಾರೆ. ನೇರ ಉತ್ತರ ಸಿಗದಿರಲು ಕಾರಣ ಇದೆ. ಲಾಂಡ್ರಿಯವರು ದರ ಹೇಳುವುದು ಒಂದೊಂದು ಬಟ್ಟೆಗೆ. ಮನೆಯ ಮಷೀನಿನ ಖರ್ಚು ಬರುವುದು ಒಂದೊಂದು ಲೋಡಿಗೆ. ಲೋಡಿನಲ್ಲಿ ಇಷ್ಟು ಬಟ್ಟೆ ಅಂತ ಭಾಗಿಸಿಬಿಟ್ಟರೂ ಲೆಕ್ಕ ಸರಿಹೋಗುವುದಿಲ್ಲ. ಒಂದು ಜೀನ್ಸ್ ಪ್ಯಾಂಟು ಮೂರು ತೆಳು ಅಂಗಿಯಷ್ಟು ತೂಗುತ್ತದೆ, ಡ್ರಮ್ಮಿನಲ್ಲಿ ಅಷ್ಟೇ ಜಾಗ ಹಿಡಿಯುತ್ತದೆ, ಅಷ್ಟೇ ನೀರು ಕುಡಿಯುತ್ತದೆ. ಅದಕ್ಕೇ ಎರಡೂ ಕಡೆಯ ಲೆಕ್ಕವನ್ನು ಮೊದಲು ಕಿಲೋಗೆ ಇಳಿಸಬೇಕು.

ತೂಕ ಮಾಡಲು ದೊಡ್ಡ ಸಲಕರಣೆ ಬೇಕಿಲ್ಲ. ವಿಮಾನಕ್ಕೆ ಹೋಗುವ ಮುಂಚೆ ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ ಇರುತ್ತದಲ್ಲ, ಅದು ಸಾಕು. ಬಟ್ಟೆಯನ್ನು ಒಂದು ಚೀಲಕ್ಕೆ ತುಂಬಿ ಕೊಕ್ಕೆಗೆ ಹಾಕಿ ಎತ್ತಿದರೆ ಆಯಿತು. ಒಂದೊಂದೇ ಅಂಗಿ ತೂಗಿದರೆ ಅದು ಸರಿಯಾಗಿ ತೋರಿಸುವುದಿಲ್ಲ, ಹಾಗಾಗಿ ಹತ್ತು ಅಂಗಿ ಒಟ್ಟಿಗೆ ತೂಗಿ ಭಾಗಿಸಬೇಕು. ನಮ್ಮ ಮನೆಯಲ್ಲಿ ಗಂಡಸರ ಒಂದು ಕಾಟನ್ ಅಂಗಿ ಸುಮಾರು 250 ಗ್ರಾಂ ಬಂತು. ಆಫೀಸಿನ ಪ್ಯಾಂಟು ಅರ್ಧ ಕಿಲೋ. ಜೀನ್ಸ್ 700 ಗ್ರಾಂ. ದಪ್ಪ ಟವೆಲ್ಲು ಅರ್ಧ ಕಿಲೋ. ಡಬಲ್ ಬೆಡ್‌ಶೀಟು ಮತ್ತು ಎರಡು ಕವರು ಸೇರಿ ಸುಮಾರು ಒಂದು ಕಿಲೋ.

ಇನ್ನು ಲೋಡು. ನಮ್ಮದು 7 ಕಿಲೋದ ಫ್ರಂಟ್ ಲೋಡ್ ಮಷೀನು. ಏಳು ಕಿಲೋ ಅಂದರೆ ಒಣಗಿದ ಕಾಟನ್ ಬಟ್ಟೆಯನ್ನು ಒತ್ತಿ ತುಂಬಿದಾಗಿನ ಮಾತು, ಅದೂ ಕಾಟನ್ ಪ್ರೋಗ್ರಾಮಿನಲ್ಲಿ. ಸಿಂಥೆಟಿಕ್ ಪ್ರೋಗ್ರಾಮಿಗೆ ಅದರ ಅರ್ಧದಷ್ಟೇ ಹಾಕಬೇಕು ಅಂತ ಮಷೀನಿನ ಪುಸ್ತಕದಲ್ಲೇ ಬರೆದಿರುತ್ತಾರೆ. ದಿನನಿತ್ಯದ ಮಿಶ್ರ ಬಟ್ಟೆಯಾದರೆ 5 ಕಿಲೋ ಸರಿಯಾದ ತೂಕ. ಡ್ರಮ್ಮಿನ ಮೇಲ್ಭಾಗದಲ್ಲಿ ಬಟ್ಟೆಯ ಮೇಲೆ ಅಂಗೈ ನಿಲ್ಲಿಸಿ ಇಡುವಷ್ಟು ಜಾಗ ಉಳಿದಿರಬೇಕು. ಬಟ್ಟೆ ಮೇಲಕ್ಕೆ ಹೋಗಿ ದೊಪ್ಪೆಂದು ಕೆಳಗೆ ಬೀಳುವುದರಿಂದಲೇ ಕೊಳೆ ಬಿಡುವುದು. ಜಾಗ ಇಲ್ಲದಿದ್ದರೆ ಅದು ಬೀಳುವುದೇ ಇಲ್ಲ, ಸುಮ್ನೆ ಸುತ್ತುತ್ತದೆ. ಹಾಗೆ ತುರುಕಿದ್ದೀರಿ ಅನ್ನುವುದಕ್ಕೆ ಗುರುತು ಏನೆಂದರೆ, ತೆಗೆದಾಗ ಕಪ್ಪು ಬಟ್ಟೆಯ ಮೇಲೆ ಪುಡಿಯ ಬಿಳಿ ಗೆರೆ ಇರುತ್ತದೆ, ಕಾಲರಿನ ಒಳಮಗ್ಗುಲು ಹಾಗೇ ಕೊಳೆಯಾಗಿರುತ್ತದೆ. ಮತ್ತೆ ಒಗೆಯಬೇಕು. ಅಲ್ಲಿಗೆ ಆ ಲೋಡಿನ ಖರ್ಚು ಎರಡರಷ್ಟು.

ಈಗ ಐದು ಕಿಲೋದ ಒಂದು ಲೋಡಿಗೆ ಏನೇನು ಖರ್ಚು ಅಂತ ನೋಡೋಣ.

ಎಲ್ಲರಿಗೂ ಮೊದಲು ನೆನಪಾಗುವುದು ಕರೆಂಟು. ನಿಜ ಹೇಳಬೇಕೆಂದರೆ ಅದೇ ಎಲ್ಲಕ್ಕಿಂತ ಚಿಕ್ಕ ಬಾಬತ್ತು. ಮೋಟಾರು ಡ್ರಮ್ಮು ತಿರುಗಿಸಲು ತೆಗೆದುಕೊಳ್ಳುವ ಕರೆಂಟು ಕಡಿಮೆ. ಕರೆಂಟು ತಿನ್ನುವುದು ನೀರು ಕಾಯಿಸುವ ಹೀಟರು. ಒಂದು ಲೀಟರು ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.16 ವ್ಯಾಟ್-ಅವರ್ ಬೇಕು. ಫ್ರಂಟ್ ಲೋಡ್ ಮಷೀನು ಒಂದು ಲೋಡಿಗೆ ಒಟ್ಟು 60 ಲೀಟರಿನ ಹತ್ತಿರ ನೀರು ತೆಗೆದುಕೊಂಡರೂ, ಕಾಯಿಸುವುದು ಮೊದಲ ಸೋಪು ನೀರನ್ನು ಮಾತ್ರ. ಅದು 15 ಲೀಟರು ಅಂದುಕೊಳ್ಳಿ. ಜಾಲಿಸುವ ನೀರೆಲ್ಲಾ ತಣ್ಣೀರೇ. ನಲ್ಲಿಯ 25 ಡಿಗ್ರಿ ನೀರನ್ನು 40ಕ್ಕೆ ಏರಿಸಲು ಕಾಲು ಯೂನಿಟ್ಟು ಸಾಕು. 60ಕ್ಕೆ ಏರಿಸಬೇಕೆಂದರೆ 0.6 ಯೂನಿಟ್ಟು. ಬಟ್ಟೆ, ಡ್ರಮ್ಮು ಬಿಸಿಯಾಗಲು ಇನ್ನೊಂಚೂರು. ತಣ್ಣೀರಿನ ಲೋಡು, 40ರ ಲೋಡು ಎಲ್ಲಾ ಸೇರಿಸಿ ಸರಾಸರಿ ಅರ್ಧ ಯೂನಿಟ್ಟು ಅಂತ ಹಿಡಿದಿದ್ದೇನೆ. ಮಹಾವಿತರಣದ ನಮ್ಮ ಬಿಲ್ಲಿನ ಮೊತ್ತವನ್ನು ಯೂನಿಟ್ಟಿನಿಂದ ಭಾಗಿಸಿದರೆ, ಎಲ್ಲಾ ಸೇರಿ ಯೂನಿಟ್ಟಿಗೆ 12 ರೂಪಾಯಿ ಆಸುಪಾಸು ಬೀಳುತ್ತದೆ. ಅಂದರೆ ಲೋಡಿಗೆ 6 ರೂಪಾಯಿ.

ನೀರಿಗೆ ದುಡ್ಡು ಎಲ್ಲಿ ಕೊಡುತ್ತೇವೆ ಅಂತ ಊರಲ್ಲಿದ್ದಾಗ ಅನಿಸುತ್ತಿತ್ತು. ಇಲ್ಲಿ ಪುಣೆಯ ಪಶ್ಚಿಮದ ಹೊಸ ಬಡಾವಣೆಗಳಲ್ಲಿ ಬೇಸಿಗೆಯಿಡೀ ಟ್ಯಾಂಕರು. ನಮ್ಮ ಸೊಸೈಟಿ ಹೋದ ಬೇಸಿಗೆಯಲ್ಲಿ 10,000 ಲೀಟರಿಗೆ 1,200 ರೂಪಾಯಿ ಕೊಟ್ಟಿದೆ, ಅಂದರೆ ಲೀಟರಿಗೆ 12 ಪೈಸೆ. ಅರವತ್ತು ಲೀಟರಿಗೆ 7 ರೂಪಾಯಿ. ಟಾಪ್ ಲೋಡ್ ಮಷೀನಾದರೆ ಇದರ ಎರಡರಷ್ಟು ನೀರು ಸುಲಭವಾಗಿ ಹೋಗುತ್ತದೆ. ಟ್ಯಾಂಕರಿನ ಸೊಸೈಟಿಯಲ್ಲಿರುವವರು ಮಷೀನು ಕೊಳ್ಳುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಸೋಪಿಗೆ, ಅಂದರೆ ಫ್ರಂಟ್ ಲೋಡಿನ ಲಿಕ್ವಿಡ್ಡಿಗೆ, ಲೋಡಿಗೆ 50 ಮಿಲಿ. ಲೀಟರಿಗೆ 200 ರೂಪಾಯಿ ಅಂತ ಹಿಡಿದರೆ 10 ರೂಪಾಯಿ.

ಕೊನೆಯದು ಮಷೀನಿನ ಬೆಲೆ. ಬಹಳ ಜನ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಿಡಿದವರು ಮೂವತ್ತು ಸಾವಿರ ಅಂತ ಹೆದರಿ ಅಲ್ಲಿಗೇ ನಿಂತುಬಿಡುತ್ತಾರೆ. ಇದನ್ನು ಹರಡಿ ನೋಡಬೇಕು. ಮಷೀನಿಗೆ 30,000, ಒಂಬತ್ತು ವರ್ಷ ಬಾಳಿಕೆ, ಆ ಒಂಬತ್ತು ವರ್ಷದಲ್ಲಿ ಡ್ರೈನ್ ಪಂಪು, ಬಾಗಿಲಿನ ರಬ್ಬರು, ಎಲೆಕ್ಟ್ರಾನಿಕ್ ಬೋರ್ಡು ಅಂತ ರಿಪೇರಿಗೆ ಇನ್ನೊಂದು 9,000. ಒಟ್ಟು 39,000. ವರ್ಷಕ್ಕೆ 4,333 ರೂಪಾಯಿ. ವಾರಕ್ಕೆ ನಾಲ್ಕು ಲೋಡು ಹಾಕುವ ಮನೆಯಾದರೆ ಒಂದು ಲೋಡಿನ ಪಾಲಿಗೆ 21 ರೂಪಾಯಿ. ವಾರಕ್ಕೆ ಒಂದೇ ಲೋಡಾದರೆ 83 ರೂಪಾಯಿ! ಮಷೀನು ಮೂಲೆಯಲ್ಲಿ ನಿಂತಷ್ಟೂ ಒಂದೊಂದು ಲೋಡು ದುಬಾರಿಯಾಗುತ್ತಾ ಹೋಗುತ್ತದೆ. ಕರೆಂಟು ಉಳಿಸಲು ಹೆಣಗುವುದಕ್ಕಿಂತ ಈ ಅಂಕಿಯ ಕಡೆ ಗಮನ ಕೊಡುವುದು ಒಳ್ಳೆಯದು.

ನಾಲ್ಕು ಲೋಡಿನ ಮನೆಗೆ ಎಲ್ಲಾ ಕೂಡಿಸಿದರೆ 6, 7, 10, 21, ಒಟ್ಟು 44 ರೂಪಾಯಿ. ಐದು ಕಿಲೋಗೆ 44 ಅಂದರೆ ಕಿಲೋಗೆ ಹೆಚ್ಚುಕಡಿಮೆ 9 ರೂಪಾಯಿ. ಈ ಒಂದು ಅಂಕಿ ಕೈಗೆ ಸಿಕ್ಕಿದರೆ ಉಳಿದದ್ದು ಸಲೀಸು. ಅಂಗಿಗೆ ಎರಡೂಕಾಲು ರೂಪಾಯಿ. ಆಫೀಸಿನ ಪ್ಯಾಂಟಿಗೆ ನಾಲ್ಕೂವರೆ. ಜೀನ್ಸಿಗೆ ಆರು ಚಿಲ್ಲರೆ. ಬೆಡ್‌ಶೀಟಿನ ಸೆಟ್ಟಿಗೆ ಒಂಬತ್ತು.

ಎರಡೂಕಾಲು ಎಲ್ಲಿ, ಮೂವತ್ತೈದು ಎಲ್ಲಿ ಅಂತ ಇಲ್ಲಿಗೇ ತೀರ್ಪು ಕೊಟ್ಟರೆ ಲಾಂಡ್ರಿಯವರಿಗೆ ಅನ್ಯಾಯ. ಅವರು ಕೊಡುವುದು ಇಸ್ತ್ರಿ ಮಾಡಿ ಮಡಚಿದ ಅಂಗಿ. ನಮ್ಮ ಮಷೀನು ಕೊಡುವುದು ಸುಕ್ಕುಸುಕ್ಕಾದ ಒದ್ದೆ ಅಂಗಿ. ಒಗೆತಕ್ಕೆ ಇಸ್ತ್ರಿಯ 10 ಸೇರಿಸಬೇಕು. ಆಗ ಮನೆಯ ಅಂಗಿ 12 ರೂಪಾಯಿ ಚಿಲ್ಲರೆ ಆಗುತ್ತದೆ. ಅದರಲ್ಲಿ ಹತ್ತು ರೂಪಾಯಿ ಇಸ್ತ್ರಿಗೆ, ಎರಡು ಚಿಲ್ಲರೆ ಒಗೆತಕ್ಕೆ. ಈ ಇಡೀ ಲೆಕ್ಕದಲ್ಲಿ ನನ್ನ ಕಣ್ಣು ತೆರೆಸಿದ್ದು ಇದೇ. ಮನೆಯಲ್ಲಿ ಒಗೆದ ಅಂಗಿಯ ಖರ್ಚು ಅಂದರೆ ಹೆಚ್ಚುಕಡಿಮೆ ಇಸ್ತ್ರಿಯ ಖರ್ಚೇ. ಯಾವ ಸೋಪು ಅಗ್ಗ, ಯಾವ ಪ್ರೋಗ್ರಾಮಿಗೆ ಕರೆಂಟು ಕಡಿಮೆ ಅಂತ ತಲೆ ಕೆಡಿಸಿಕೊಂಡು ಅಂಗಿಗೆ ಹತ್ತು ಪೈಸೆ ಉಳಿಸುತ್ತೇವೆ. ಹೊರಗೆ ಕೊಡುವ ಇಸ್ತ್ರಿಯಲ್ಲಿ ಎರಡು ಅಂಗಿ ಕಡಿಮೆಯಾದರೆ ಇಪ್ಪತ್ತು ರೂಪಾಯಿ ಉಳಿಯುತ್ತದೆ.

ಇಸ್ತ್ರಿಯನ್ನು ಮನೆಯಲ್ಲೇ ಮಾಡಿದರೆ? ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಪೂರ್ತಿ ಹೊತ್ತು ಉರಿಯುವುದಿಲ್ಲ, ಕಾದ ಮೇಲೆ ಆರಿ ಹತ್ತುತ್ತಾ ಇರುತ್ತದೆ. ಐದು ನಿಮಿಷದ ಒಂದು ಅಂಗಿಗೆ ಕರೆಂಟು ಅರ್ಧ ರೂಪಾಯಿ ದಾಟುವುದು ಕಷ್ಟ. ಆದರೆ ವಾರಕ್ಕೆ ಹದಿನಾರು ಬಟ್ಟೆ ಇಸ್ತ್ರಿ ಅಂದರೆ ಒಂದೂವರೆ ಗಂಟೆ ನಿಂತುಕೊಂಡು ಮಾಡುವ ಕೆಲಸ. ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಕೆಳಗೆ ಕೈಗಾಡಿಯಲ್ಲಿ ಇಸ್ತ್ರಿ ಮಾಡುವ ಕಾಕಾ ಹತ್ತು ರೂಪಾಯಿಗೆ ಮಾಡುವ ಕೆಲಸ ನನ್ನ ಕೈಯಿಂದ ಆಗುವುದಿಲ್ಲ, ಅವರ ಹತ್ತು ರೂಪಾಯಿ ಅವರಿಗೆ ಸಲ್ಲಬೇಕಾದದ್ದೇ. ಬೆಡ್‌ಶೀಟು, ಟವೆಲ್ಲು, ಜೀನ್ಸು, ಮನೆಯಲ್ಲಿ ಉಡುವ ಬಟ್ಟೆಗೆ ಇಸ್ತ್ರಿ ಬೇಡ. ಸ್ಪಿನ್ ಮುಗಿದ ಕೂಡಲೇ ತೆಗೆದು, ಎರಡು ಸಲ ಜೋರಾಗಿ ಜಾಡಿಸಿ, ಅಂಚು ಎಳೆದು ಹಾಕಿದರೆ ಅವು ತಾವೇ ನೆಟ್ಟಗಾಗುತ್ತವೆ. ಮಷೀನಿನಲ್ಲೇ ಎರಡು ಗಂಟೆ ಬಿಟ್ಟರೆ ಬಿದ್ದ ಸುಕ್ಕು ಆಮೇಲೆ ಹೋಗುವುದಿಲ್ಲ.

ಸುಮಾಳ ಮನೆಯ ಒಂದು ವಾರವನ್ನು ಹೀಗೆ ಕೂತು ಲೆಕ್ಕ ಹಾಕಿದೆವು. ಹತ್ತು ಅಂಗಿ, ಆರು ಪ್ಯಾಂಟು, ಎರಡು ಸೆಟ್ಟು ಬೆಡ್‌ಶೀಟು. ಲಾಂಡ್ರಿಯಲ್ಲಿ 350, 240, 200, ಒಟ್ಟು 790 ರೂಪಾಯಿ. ಅದೇ ಬಟ್ಟೆ ತೂಗಿದರೆ ಏಳೂವರೆ ಕಿಲೋ. ಮನೆಯಲ್ಲಿ ಒಗೆಯಲು ಕಿಲೋಗೆ 9ರಂತೆ 68 ರೂಪಾಯಿ, ಹದಿನಾರು ಬಟ್ಟೆಯ ಇಸ್ತ್ರಿಗೆ 160, ಒಟ್ಟು 228. ವಾರಕ್ಕೆ 562 ರೂಪಾಯಿ ವ್ಯತ್ಯಾಸ, ತಿಂಗಳಿಗೆ 2,400 ದಾಟುತ್ತದೆ.

"ಆದ್ರ ನಮ್ಮನ್ಯಾಗ ನಾಕ್ ಲೋಡ್ ಎಲ್ಲಿ ಆಗ್ತಾವ್ರಿ?" ಅಂದಳು. ಸರಿಯಾದ ಪ್ರಶ್ನೆ. ಬರೀ ಈ ಏಳೂವರೆ ಕಿಲೋಗೆ ಅಂತಲೇ ಮಷೀನು ತಂದರೆ ವಾರಕ್ಕೆ ಒಂದೂವರೆ ಲೋಡು, ವರ್ಷಕ್ಕೆ 78. ಆಗ ಮಷೀನಿನ ಪಾಲು ಲೋಡಿಗೆ 56 ರೂಪಾಯಿಗೆ ಏರುತ್ತದೆ, ಲೋಡಿನ ಖರ್ಚು 79 ಆಗುತ್ತದೆ, ಕಿಲೋಗೆ 16. ಒಗೆತ 120, ಇಸ್ತ್ರಿ 160, ಒಟ್ಟು 280. ಆಗಲೂ ತಿಂಗಳಿಗೆ 2,200 ಉಳಿಯುತ್ತದೆ. ಬಟ್ಟೆ ಹರವಿ, ತೆಗೆದು, ಮಡಚಿಡಲು ಕೆಲಸದವರಿಗೆ ತಿಂಗಳಿಗೆ 500 ಜಾಸ್ತಿ ಕೊಟ್ಟರೂ 1,700. ಕೈಯಿಂದ ಹೋಗುವ ದುಡ್ಡನ್ನು ಮಾತ್ರ ನೋಡಿದರೆ, ಮಷೀನಿಗೆ ಹಾಕಿದ ಮೂವತ್ತು ಸಾವಿರ ಒಂದು ಒಂದೂಕಾಲು ವರ್ಷದಲ್ಲಿ ವಾಪಸು ಬರುತ್ತದೆ.

ಕಿಲೋ ದರಕ್ಕೆ ಕೊಡುವವರೂ ಇದ್ದಾರೆ. ಅಲ್ಲೊಂದು ಸೂಕ್ಷ್ಮ ಇದೆ. ಅಂಗಿ ಕಿಲೋ ಲೆಕ್ಕದಲ್ಲಿ ಕೊಟ್ಟರೆ ಹದಿನೇಳೂವರೆ, ಇಸ್ತ್ರಿ ಸೇರಿ ಇಪ್ಪತ್ತೇಳೂವರೆ. ಬಿಡಿ ದರದ 35ಕ್ಕಿಂತ ಕಡಿಮೆ. ಆಫೀಸಿನ ಪ್ಯಾಂಟಾದರೆ 35 ಮತ್ತು 10, ಒಟ್ಟು 45. ಬಿಡಿ ದರದ 40ಕ್ಕಿಂತ ಹೆಚ್ಚು! ಜೀನ್ಸಿಗಂತೂ ಇಸ್ತ್ರಿ ಇಲ್ಲದೆಯೇ 49. ಬಿಡಿ ದರ ತೂಕ ನೋಡುವುದಿಲ್ಲ. ಹಾಗಾಗಿ ಹಗುರವಾದದ್ದನ್ನು ಕಿಲೋಗೆ, ಭಾರವಾದದ್ದನ್ನು ಬಿಡಿಯಾಗಿ ಕೊಡಬೇಕು. ಬೆಡ್‌ಶೀಟು ಮಾತ್ರ ಈ ಮಾತಿಗೆ ಹೊರತು. ಅದರ ಬಿಡಿ ದರವನ್ನು ಅಳತೆ ನೋಡಿ ಇಟ್ಟಿರುತ್ತಾರೆ, ಕಿಲೋಗೇ ಕೊಡುವುದು ಲಾಭ. ಕಿಲೋಗೆ ಕೊಡುವಾಗ ಒದ್ದೆ ಟವೆಲ್ಲು, ಬೆವರಿಗೆ ನೆನೆದ ಜಿಮ್ ಬಟ್ಟೆ ಹಾಗೇ ಚೀಲಕ್ಕೆ ತುರುಕಬೇಡಿ, ನೀರಿನ ತೂಕಕ್ಕೂ ಎಪ್ಪತ್ತರ ದರವೇ ಬೀಳುತ್ತದೆ. ನಿಮ್ಮ ಬಟ್ಟೆಯನ್ನು ಬೇರೆಯವರ ಬಟ್ಟೆಯ ಜೊತೆ ಹಾಕುತ್ತಾರೋ, ಬೇರೆ ಲೋಡಾಗಿ ಹಾಕುತ್ತಾರೋ ಅಂತ ಬಾಯಿಬಿಟ್ಟು ಕೇಳಿ. ಇಷ್ಟು ಕಿಲೋಗಿಂತ ಕಡಿಮೆ ತೆಗೆದುಕೊಳ್ಳುವುದಿಲ್ಲ ಅನ್ನುವ ಷರತ್ತು ಇದೆಯೋ ಅಂತಲೂ ಕೇಳಿ.

ಓದು ಮುಗಿಸಿ ಮೊದಲ ಕೆಲಸಕ್ಕೆ ಅಂತ ಬಂದ ಒಂಟಿ ಹುಡುಗ ಹುಡುಗಿಯರ ಲೆಕ್ಕ ಬೇರೆ. ಇಲ್ಲಿ ಬಾಡಿಗೆಯ ಕರಾರು ಸಾಮಾನ್ಯವಾಗಿ 11 ತಿಂಗಳದು. ಇಪ್ಪತ್ತು ಸಾವಿರದ ಮಷೀನು ತಂದು ಎರಡು ವರ್ಷಕ್ಕೆ ಎಂಟು ಸಾವಿರಕ್ಕೆ ಮಾರಿದರೆ ಹನ್ನೆರಡು ಸಾವಿರ ಹೋಯಿತು. ವಾರಕ್ಕೆ ಒಂದು ಲೋಡಿನಂತೆ ಲೋಡಿಗೆ 115, ಜೊತೆಗೆ ಕರೆಂಟು, ನೀರು, ಸೋಪಿನ 23, ಒಟ್ಟು 138. ಕಿಲೋ ಲಾಂಡ್ರಿಯಲ್ಲಿ ಅದೇ ಐದು ಕಿಲೋಗೆ 350. ವಾರಕ್ಕೆ 212 ರೂಪಾಯಿ ಉಳಿಯುವುದು ನಿಜ. ಆದರೆ ಒಣಗಿಸಲು ಬಾಲ್ಕನಿ ಇರಬೇಕು, ಮಷೀನಿಗೆ ನಲ್ಲಿ ಇರಬೇಕು, ಮನೆ ಬದಲಿಸುವಾಗ ಸಾಗಿಸಬೇಕು. ಫ್ರಂಟ್ ಲೋಡ್ ಮಷೀನಿನ ಹಿಂದೆ ಕಂಪನಿಯಿಂದ ಬರುವಾಗ ಉದ್ದನೆಯ ಬೋಲ್ಟುಗಳು ಇರುತ್ತವೆ. ಮನೆಗೆ ತಂದ ಮೇಲೆ ತೆಗೆಯುತ್ತಾರೆ. ಸಾಗಿಸುವಾಗ ಅವನ್ನು ಮತ್ತೆ ಹಾಕಲೇಬೇಕು, ಇಲ್ಲದಿದ್ದರೆ ಟೆಂಪೋದ ಕುಲುಕಾಟಕ್ಕೆ ಡ್ರಮ್ಮಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಹಾಳಾಗುತ್ತವೆ. ಅಲ್ಲಿಗೆ ಉಳಿದ ದುಡ್ಡೆಲ್ಲಾ ಒಂದೇ ರಿಪೇರಿಗೆ ಹೋಯಿತು. ವರ್ಷ ವರ್ಷ ಮನೆ ಬದಲಿಸುವ ಒಂಟಿ ಹುಡುಗನಿಗೆ ನಾನು ಮಷೀನು ಕೊಳ್ಳು ಅಂತ ಹೇಳುವುದಿಲ್ಲ.

ಮನೆಯ 44 ರೂಪಾಯಿಯ ಲೆಕ್ಕವನ್ನು ಕೆಡಿಸುವ ಎರಡು ಸಂಗತಿ ನಮ್ಮ ಊರಿನಲ್ಲಿವೆ. ಒಂದು ಗಡಸು ನೀರು. ಪಿಂಪ್ರಿ ಚಿಂಚವಡ ಕಡೆಗೆ ಪವನಾ ಅಣೆಕಟ್ಟಿನ ನೀರು ಬರುತ್ತದೆ, ಪುಣೆಗೆ ಖಡಕವಾಸ್ಲಾದ್ದು. ಎರಡೂ ಮೆದು ನೀರು. ಟ್ಯಾಂಕರಿನಲ್ಲಿ ಬರುವುದು ಎಷ್ಟೋ ಸಲ ಬೋರ್‌ವೆಲ್ ನೀರು. ಕಲ್ಲಿನೊಳಗಿಂದ ಬಂದ ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ. ಅವು ಸೋಪಿನ ಒಂದು ಪಾಲನ್ನು ಕೊಳೆಯ ತನಕ ಹೋಗಲು ಬಿಡುವುದಿಲ್ಲ. ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟಿದ್ದರೆ, ಒಣಗಿದ ಟವೆಲ್ಲು ಹಪ್ಪಳದ ಹಾಗೆ ಗರಿಗರಿಯಾದರೆ, ಬಿಳಿ ಬನಿಯನ್ನು ಬೂದು ಬಣ್ಣಕ್ಕೆ ತಿರುಗಿದರೆ ಗಡಸು ನೀರು ಅಂತ ತಿಳಿಯಬೇಕು. ಅಂಥ ತಿಂಗಳುಗಳಲ್ಲಿ ಸೋಪು ಒಂದೂವರೆ ಪಟ್ಟು ಬೇಕು, ಲೋಡಿಗೆ ಐದು ರೂಪಾಯಿ ಜಾಸ್ತಿ. ಅದೇ ಪೊರೆ ಹೀಟರಿನ ಮೇಲೂ ಕಟ್ಟುತ್ತದೆ. ಶಾಖ ನೀರಿಗೆ ಇಳಿಯದೆ ಹೀಟರು ತಾನೇ ಸುಡುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ ನೂರು ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಹಾಕಿ 60 ಡಿಗ್ರಿಯಲ್ಲಿ ಓಡಿಸಿದರೆ ಪೊರೆ ಕರಗುತ್ತದೆ. ಅದರ ಜೊತೆ ಬ್ಲೀಚು ಮಾತ್ರ ಸೇರಿಸಬೇಡಿ, ವಿಷಗಾಳಿ ಹೊರಡುತ್ತದೆ.

ಇನ್ನೊಂದು ಮಳೆಗಾಲ. ಜುಲೈ, ಆಗಸ್ಟಿನಲ್ಲಿ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ, ಮತ್ತೆ ಒಗೆಯಬೇಕಾಗುತ್ತದೆ. ಡ್ರೈಯರ್ ಕೊಳ್ಳೋಣ ಅನ್ನುವವರು ಇದನ್ನು ನೋಡಿ. ಐದು ಕಿಲೋ ಬಟ್ಟೆ ಸ್ಪಿನ್ ಆದ ಮೇಲೂ ಮೂರು ಕಿಲೋದಷ್ಟು ನೀರು ಹಿಡಿದಿರುತ್ತದೆ. ಒಂದು ಕಿಲೋ ನೀರನ್ನು ಆವಿ ಮಾಡಲು ಕಡಿಮೆಯೆಂದರೂ 0.63 ಯೂನಿಟ್ಟು ಬೇಕು, ಮೂರು ಕಿಲೋಗೆ ಎರಡು ಯೂನಿಟ್ಟು. ಸೋರಿಹೋಗುವ ಶಾಖ ಸೇರಿ ಸಾದಾ ಡ್ರೈಯರಿಗೆ ಮೂರು ಯೂನಿಟ್ಟು ಅಥವಾ ಮೇಲೆಯೇ. ಅಂದರೆ 36 ರೂಪಾಯಿ. ಒಗೆಯಲು ಆದ ಕರೆಂಟಿನ ಆರು ಪಟ್ಟು. ತಿಂಗಳಿಗೆ ಹದಿನೇಳು ಲೋಡಿಗೆ ಐವತ್ತು ಯೂನಿಟ್ಟು ಏರಿ, 300 ಯೂನಿಟ್ಟಿನ ಗಡಿ ದಾಟುವ ಮನೆಯಾದರೆ ದಾಟಿದ ಯೂನಿಟ್ಟುಗಳಿಗೆ ಮೇಲಿನ ದರ ಬೀಳುತ್ತದೆ. ಅದಕ್ಕಿಂತ ಸ್ಪಿನ್ನಿನ ವೇಗ ಹೆಚ್ಚಿಸಿ, ಇಲ್ಲವೇ ಇನ್ನೊಮ್ಮೆ ಬರೀ ಸ್ಪಿನ್ ಕೊಟ್ಟು, ಫ್ಯಾನಿನ ಕೆಳಗೆ ಬಿಡಿಬಿಡಿಯಾಗಿ ಹರವಿದರೆ ಅಗ್ಗ. ಮಳೆಗಾಲದ ಆ ಎರಡು ತಿಂಗಳು ಬೆಡ್‌ಶೀಟುಗಳನ್ನು ಕಿಲೋ ಲಾಂಡ್ರಿಗೆ ಕೊಟ್ಟರೂ ತಪ್ಪೇನಿಲ್ಲ. ದೊಡ್ಡ ರಜಾಯಿ, ದಪ್ಪ ಕಂಬಳಿ ಮಾತ್ರ ಯಾವ ಕಾಲದಲ್ಲೂ ಲಾಂಡ್ರಿಗೇ. ಏಳು ಕಿಲೋದ ಡ್ರಮ್ಮಿನಲ್ಲಿ ನೆನೆದ ರಜಾಯಿ ಒಂದೇ ಮಗ್ಗುಲಿಗೆ ಗಡ್ಡೆಯಾಗಿ ನಿಲ್ಲುತ್ತದೆ, ಮಷೀನು ಸ್ಪಿನ್ ಮಾಡಲು ಒಪ್ಪುವುದಿಲ್ಲ, ಒಪ್ಪಿದರೆ ಬೇರಿಂಗಿಗೆ ಪೆಟ್ಟು.

ಡ್ರೈ ಕ್ಲೀನಿಂಗನ್ನು ಈ ಹೋಲಿಕೆಯಲ್ಲಿ ಸೇರಿಸಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ಅದು ದುಬಾರಿ ಒಗೆತ ಅಲ್ಲ, ಬೇರೆಯೇ ಕೆಲಸ. ಅಲ್ಲಿ ನೀರಿನ ಬದಲು ಪರ್‌ಕ್ಲೋರೋಎಥಿಲೀನ್ ಅಥವಾ ಪೆಟ್ರೋಲಿಯಂ ಜಾತಿಯ ದ್ರಾವಣ ಬಳಸುತ್ತಾರೆ. ಅದು ಎಣ್ಣೆ, ಜಿಡ್ಡನ್ನು ಚೆನ್ನಾಗಿ ತೆಗೆಯುತ್ತದೆ. ಬೆವರಿನ ಉಪ್ಪು ಕರಗುವುದು ನೀರಿನಲ್ಲಿ. ಅದಕ್ಕೇ ದಿನಾ ಹಾಕುವ ಕಾಟನ್ ಅಂಗಿಯನ್ನು ಡ್ರೈ ಕ್ಲೀನಿಗೆ ಕೊಟ್ಟರೆ ಕಂಕುಳಿನ ವಾಸನೆ ಹೋಗದೆ ವಾಪಸು ಬರಬಹುದು, ದುಡ್ಡು ಮಾತ್ರ ಮೂರು ಪಟ್ಟು. ಬಟ್ಟೆಯ ಒಳಗಿನ ಚೀಟಿ ನೋಡಿ. ನೀರಿನ ತೊಟ್ಟಿಯ ಚಿತ್ರ ಇದ್ದರೆ ಒಗೆಯಬಹುದು, ಅದಕ್ಕೆ ಅಡ್ಡಗೀಟು ಇದ್ದರೆ ನೀರು ಕೂಡದು. ವೃತ್ತ ಇದ್ದರೆ ಡ್ರೈ ಕ್ಲೀನು. ತೊಟ್ಟಿ, ವೃತ್ತ ಎರಡೂ ಇದ್ದರೆ ಮನೆಯಲ್ಲೇ ಒಗೆಯಿರಿ.

ಹಾಗಾದರೆ ಡ್ರೈ ಕ್ಲೀನಿಗೆ ಏನು ಕೊಡಬೇಕು? ಉಣ್ಣೆಯ ಕೋಟು, ಬ್ಲೇಜರು. ಅದರ ಎದೆಯ ಭಾಗದಲ್ಲಿ ಒಳಗೆ ಅಂಟಿಸಿದ ಅರಿವೆಯ ಪದರ ಇರುತ್ತದೆ, ನೀರು ಬಿದ್ದರೆ ಅದು ಬಿಟ್ಟು ಗುಳ್ಳೆ ಏಳುತ್ತದೆ. ಜರಿಯ ರೇಷ್ಮೆ ಸೀರೆ. ನಮ್ಮ ಕಡೆಯವರ ಕಪಾಟಿನಲ್ಲಿ ಇದ್ದೇ ಇರುವ ಇಳಕಲ್ ಸೀರೆ. ಇಳಕಲ್ಲಿನ ಮೈ ಕಾಟನ್ ಇರಬಹುದು, ರೇಷ್ಮೆ ಇರಬಹುದು, ಸೆರಗು ಕೆಂಪು ರೇಷ್ಮೆಯದು. ಎರಡನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಮೈ ಕಾಟನ್ ತಾನೇ ಅಂತ ಒಗೆಯಲು ಹಾಕಿದರೆ ಸೆರಗಿನ ಕೆಂಪು ಇಡೀ ಮೈಗೆ ಹರಡಬಹುದು. ಬಣ್ಣ ಬಿಡುತ್ತದೋ ಇಲ್ಲವೋ ನೋಡಲು, ಬಿಳಿ ಬಟ್ಟೆಯೊಂದನ್ನು ಒದ್ದೆ ಮಾಡಿ ಸೆರಗಿನ ಒಳಮಗ್ಗುಲಿನ ಮೂಲೆಗೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಗುಲಾಬಿ ಹತ್ತಿದರೆ ನೀರಿಗೆ ಹಾಕಬೇಡಿ. ಕಸೂತಿ ಇದ್ದರೆ ಒಂದೊಂದು ಬಣ್ಣದ ದಾರಕ್ಕೂ ಹೀಗೇ ಮಾಡಬೇಕು.

ಸೀರೆಯ ಡ್ರೈ ಕ್ಲೀನಿಗೆ ನಮ್ಮಲ್ಲಿ 350 ರೂಪಾಯಿ, ರೋಲ್ ಪಾಲಿಶ್ ಬೇಕಿದ್ದರೆ ಬೇರೆ. ಪ್ರತಿ ಸಲ ಉಟ್ಟ ಮೇಲೂ ಕೊಡಬೇಕಿಲ್ಲ. ಬಿಚ್ಚಿದ ಮೇಲೆ ಒಂದು ರಾತ್ರಿ ನೆರಳಿನ ಗಾಳಿಗೆ ಹಾಕಿ, ಕಲೆ ಇದೆಯೋ ನೋಡಿ ಮಡಚಿಟ್ಟರೆ ನಾಲ್ಕು ಸಲ ಉಡಬಹುದು, ಅಲ್ಲಿಗೆ ಉಟ್ಟ ಸಲಕ್ಕೆ ತೊಂಬತ್ತು ರೂಪಾಯಿ ಒಳಗೇ ಆಯಿತು. ಕಲೆ ಬಿದ್ದಿದ್ದರೆ ತಡ ಮಾಡದೆ ಕೊಡಿ, ಅದರ ಮೇಲೆ ಇಸ್ತ್ರಿ ಆಡಿಸಬೇಡಿ, ಶಾಖಕ್ಕೆ ಕಲೆ ಕಚ್ಚಿಕೊಳ್ಳುತ್ತದೆ. ಕಲೆಯ ಸುತ್ತ ನೂಲಿನಿಂದ ಒಂದು ಸಡಿಲ ಹೊಲಿಗೆ ಹಾಕಿ ಗುರುತು ಮಾಡಿ. ಕೊಡುವಾಗ ಅದು ಎಣ್ಣೆಯೋ, ಸಾರೋ, ಚಹಾವೋ ಅಂತ ಹೇಳಿ. ಎಣ್ಣೆಯ ಕಲೆ ದ್ರಾವಣದಲ್ಲಿ ತಾನೇ ಹೋಗುತ್ತದೆ. ಸಾರು, ಚಹಾದ ಕಲೆಯನ್ನು ಅವರು ಮಷೀನಿಗೆ ಹಾಕುವ ಮುಂಚೆಯೇ ಕೈಯಲ್ಲಿ ಬೇರೆ ಔಷಧ ಹಚ್ಚಿ ತೆಗೆಯಬೇಕು, ಮತ್ತು ಅದನ್ನು ಹೇಳದಿದ್ದರೆ ಅವರಿಗೆ ಗೊತ್ತಾಗುವ ದಾರಿಯಿಲ್ಲ.